ಕೆಂಪು ಸಾಲಿರುವ ಬಿಲ್ ಫೈಲನ್ನು ಆಡಿಟರಿಗೆ ಕಳಿಸಬಹುದೇ?

ತಿಂಗಳು ಮುಗಿದ ಮೇಲೆ ಬಿಲ್ಲಿಂಗ್ ಸಾಫ್ಟ್‌ವೇರಿನಿಂದ ಜಿಎಸ್‌ಟಿ ಬಿಲ್ಲುಗಳ ಫೈಲ್ ತೆಗೆದು ಆಡಿಟರಿಗೆ ಕಳಿಸುತ್ತೇವೆ. ಕಳಿಸುವ ಮುಂಚೆ ಒಂದು ಪರೀಕ್ಷೆ ನಡೆಯುತ್ತದೆ. ಜಿಎಸ್‌ಟಿ ನಂಬರ್ ಸರಿ ಇದೆಯೇ, ಬಿಲ್ ನಂಬರ್ ಸರಣಿಯಲ್ಲಿದೆಯೇ, ತೆರಿಗೆ ಲೆಕ್ಕ ಕೂಡುತ್ತದೆಯೇ ಅಂತ ನೋಡಿ, ತಪ್ಪಿದ್ದ ಸಾಲನ್ನು ಕೆಂಪು ಮಾಡಿ ತೋರಿಸುತ್ತದೆ. ಪ್ರಶ್ನೆ ಇಷ್ಟೇ: ಒಂದೇ ಒಂದು ಸಾಲು ಕೆಂಪಿದ್ದರೂ ಫೈಲ್ ಅಂಗಡಿ ಬಿಟ್ಟು ಹೋಗಬಾರದೇ? ಇಬ್ಬರು ಬರೆದಿದ್ದಾರೆ. ಒಬ್ಬರು ದಾವಣಗೆರೆಯ ಹಾರ್ಡ್‌ವೇರ್ ಅಂಗಡಿಯಲ್ಲಿ ಬಿಲ್ಲಿಂಗ್ ನೋಡುವವರು. ಇನ್ನೊಬ್ಬರು ಆಡಿಟರ್ ಆಫೀಸಿನಲ್ಲಿ ರಿಟರ್ನ್ ಹಾಕುವವರು.

ಪರ: ಹಸಿರಾಗುವ ತನಕ ಕಳಿಸಬಾರದು

ಏಪ್ರಿಲ್ 2025ರ ಫೈಲಿನ ಕತೆ ಹೇಳುತ್ತೇನೆ. ಹೊಸ ಆರ್ಥಿಕ ವರ್ಷ, ಹೊಸ ಸರಣಿ. ನಮ್ಮ ಬಿಲ್ ನಂಬರ್ 1/25, 2/25, 3/25 ಅಂತ ಶುರುವಾಯಿತು. ಮೇ 3ಕ್ಕೆ ಫೈಲ್ ತೆಗೆದೆ. ಸಾಫ್ಟ್‌ವೇರಿನಿಂದ ಬಂದದ್ದು ಸಿಎಸ್‌ವಿ ಫೈಲ್. ಒಬ್ಬ ಪಾರ್ಟಿಯ ಹೆಸರು ತಪ್ಪಾಗಿತ್ತು. ಅದೊಂದನ್ನು ಸರಿ ಮಾಡೋಣ ಅಂತ ಎಕ್ಸೆಲ್‌ನಲ್ಲಿ ತೆರೆದು, ತಿದ್ದಿ, ಸೇವ್ ಮಾಡಿ ಕಳಿಸಿಬಿಟ್ಟೆ.

ಎಕ್ಸೆಲ್ 1/25 ಅನ್ನೋದನ್ನು ತಾರೀಖು ಅಂತ ತಿಳಿದುಕೊಂಡು `Jan-25` ಮಾಡಿತ್ತು. 2/25 ಹೋಗಿ `Feb-25` ಆಗಿತ್ತು. ಹೀಗೆ ಡಿಸೆಂಬರ್ ತನಕ ಹನ್ನೆರಡು ಬಿಲ್ಲು ಹೋದವು. ಹದಿಮೂರನೇ ತಿಂಗಳು ಇಲ್ಲವಲ್ಲ, ಹಾಗಾಗಿ 13/25ರಿಂದ ಮುಂದಿನ ಬಿಲ್ಲುಗಳೆಲ್ಲ ಸರಿಯಾಗಿಯೇ ಉಳಿದವು. ಮುನ್ನೂರಕ್ಕೂ ಜಾಸ್ತಿ ಸಾಲಿನ ಫೈಲಿನಲ್ಲಿ ಮೇಲಿನ ಹನ್ನೆರಡು ಸಾಲು ಯಾರ ಕಣ್ಣಿಗೂ ಬೀಳಲಿಲ್ಲ.

ರಿಟರ್ನ್ ಹಾಕುವ ಜಿಎಸ್‌ಟಿ ಪೋರ್ಟಲ್ ಹಿಡಿಯಬೇಕಿತ್ತು ಅಲ್ವಾ ಅಂತ ಕೇಳುತ್ತೀರಿ. ಹಿಡಿಯುವುದಿಲ್ಲ. ನಿಯಮದ ಪ್ರಕಾರ ಬಿಲ್ ನಂಬರ್ ಹದಿನಾರು ಅಕ್ಷರದ ಒಳಗಿರಬೇಕು. ಅಕ್ಷರ, ಅಂಕಿ, ಅಡ್ಡಗೆರೆ, ಓರೆಗೆರೆ ಇರಬಹುದು. `Jan-25` ಇದೆಲ್ಲಕ್ಕೂ ಸರಿಹೊಂದುತ್ತದೆ. ಪೋರ್ಟಲ್ ಪಾಲಿಗೆ ಅದೂ ಒಂದು ಬಿಲ್ ನಂಬರ್ರೇ. ಅದು ತಪ್ಪು ಅಂತ ಗೊತ್ತಿರುವುದು ನಮ್ಮ ಸರಣಿ ಹೇಗಿದೆ ಅಂತ ಗೊತ್ತಿರುವವರಿಗೆ ಮಾತ್ರ, ಅಂದರೆ ನಮಗೆ.

ಮೇ 11ರೊಳಗೆ ಆಡಿಟರ್ ನಮ್ಮ ಮಾರಾಟದ ರಿಟರ್ನ್, ಅಂದರೆ ಜಿಎಸ್‌ಟಿಆರ್-1 ಹಾಕಿದರು. 14ಕ್ಕೆ ಖರೀದಿದಾರರ 2ಬಿ ತಯಾರಾಯಿತು, ಅಂದರೆ ಅವರಿಗೆ ಯಾವ ಬಿಲ್ಲಿನ ತೆರಿಗೆ ಕ್ರೆಡಿಟ್ ಸಿಗುತ್ತದೆ ಅಂತ ಪೋರ್ಟಲ್ ತೋರಿಸುವ ಪಟ್ಟಿ. ನಮ್ಮ ಹತ್ತಿರ ಜಿಐ ಪೈಪ್ ಒಯ್ದಿದ್ದ ಒಬ್ಬ ಗುತ್ತಿಗೆದಾರರ ಬಿಲ್ಲು ಆ ಹನ್ನೆರಡರಲ್ಲಿತ್ತು. ಮಾಲಿನ ಬೆಲೆ 84,000, ಶೇಕಡಾ 18ರಂತೆ ತೆರಿಗೆ 15,120. ಅವರ ಪುಸ್ತಕದಲ್ಲಿ 1/25, 2ಬಿಯಲ್ಲಿ `Jan-25`. ತಾಳೆಯಾಗಲಿಲ್ಲ. ಅವರ ಲೆಕ್ಕದವರು ಆ ಬಿಲ್ಲನ್ನು "ಬಂದಿಲ್ಲ" ಪಟ್ಟಿಗೆ ಹಾಕಿ 15,120 ರೂಪಾಯಿ ಹಿಡಿದಿಟ್ಟುಕೊಂಡರು. 2ಬಿಯಲ್ಲಿ ಕಾಣದ ಬಿಲ್ಲಿಗೆ ಕ್ರೆಡಿಟ್ ಇಲ್ಲ ಅನ್ನುವ ನಿಯಮ 2022ರ ಜನವರಿಯಿಂದ ಇದೆ. ಅವರದ್ದೇನೂ ತಪ್ಪಿಲ್ಲ.

ಆಮೇಲೆ ನಾವು ಮೇ ತಿಂಗಳ ರಿಟರ್ನಿನಲ್ಲಿ ಹನ್ನೆರಡರ ಪೈಕಿ ಜಿಎಸ್‌ಟಿ ಪಾರ್ಟಿಗಳ ಐದು ಬಿಲ್ಲುಗಳಿಗೆ ತಿದ್ದುಪಡಿ ಹಾಕಿದೆವು. ಹಳೇ ನಂಬರ್, ಹೊಸ ನಂಬರ್ ಎರಡೂ ಬರೆಯಬೇಕು. ಅದು ಅವರ 2ಬಿಗೆ ಬಂದದ್ದು ಜೂನ್ 14ಕ್ಕೆ. ಏಪ್ರಿಲ್ ಮೊದಲ ದಿನ ಮಾರಿದ ಮಾಲಿನ ದುಡ್ಡಿಗೆ ಎರಡೂವರೆ ತಿಂಗಳು. ಅಷ್ಟೂ ದಿನ ಕೌಂಟರಿಗೆ ಬಂದು ಕೇಳುತ್ತಿದ್ದವರಿಗೆ ಉತ್ತರ ಕೊಟ್ಟಿದ್ದು ನಾನು, ಆಡಿಟರ್ ಅಲ್ಲ.

ಅದಕ್ಕೇ ಹೇಳುತ್ತೇನೆ, ತಡೆ ಇರಲೇಬೇಕು. ಅದೂ ಸಾಫ್ಟ್‌ವೇರಿನ ಒಳಗೆ ಅಲ್ಲ, ಕಟ್ಟಕಡೆಗೆ ಕಳಿಸುವ ಫೈಲಿನ ಮೇಲೆ. ನನ್ನ ಸಾಫ್ಟ್‌ವೇರಿನಲ್ಲಿ ಆ ದಿನ ಎಲ್ಲವೂ ಸರಿಯಾಗಿಯೇ ಇತ್ತು. ಕೆಟ್ಟದ್ದು ಆಚೆ ಬಂದ ಮೇಲೆ.

ಈಗ ನಾನು ಮೊದಲು ನೋಡುವುದು ಸರಣಿ. ಮೊದಲ ನಂಬರ್, ಕೊನೆಯ ನಂಬರ್, ನಡುವೆ ಎಷ್ಟು ಇರಬೇಕು, ಎಷ್ಟಿವೆ. 211 ಆದ ಮೇಲೆ 213 ಬಂದರೆ 212 ಎಲ್ಲಿ ಅಂತ ಹುಡುಕುತ್ತೇನೆ. ರದ್ದಾಗಿದ್ದರೆ ಅದನ್ನೂ ಹೇಳಬೇಕು, ಜಿಎಸ್‌ಟಿಆರ್-1ರ ಹದಿಮೂರನೇ ಟೇಬಲ್ಲಿನಲ್ಲಿ ರದ್ದಾದ ಬಿಲ್ಲುಗಳ ಲೆಕ್ಕ ಕೇಳುತ್ತಾರೆ. ಆಮೇಲೆ ಜಿಎಸ್‌ಟಿ ನಂಬರ್. ಹದಿನೈದು ಅಕ್ಷರದಲ್ಲಿ ಮೊದಲೆರಡು ರಾಜ್ಯ, ಮುಂದಿನ ಹತ್ತು ಪ್ಯಾನ್, ಕೊನೆಯದು ತಾಳೆ ನೋಡುವ ಅಕ್ಷರ. ನಡುವೆ ಎರಡು ಅಂಕಿ ಅದಲುಬದಲಾದರೆ ಬಹುತೇಕ ಸಲ ಆ ಕೊನೆಯ ಅಕ್ಷರವೇ ಹೇಳಿಬಿಡುತ್ತದೆ.

ಕಡೆಗೆ ಮೂರು ಅಂಕಿ: ಎಷ್ಟು ಬಿಲ್ಲು, ಒಟ್ಟು ಬೆಲೆ ಎಷ್ಟು, ಒಟ್ಟು ತೆರಿಗೆ ಎಷ್ಟು. ಸಾಫ್ಟ್‌ವೇರಿನ ಸೇಲ್ಸ್ ರಿಜಿಸ್ಟರ್ ನೋಡಿ ಈ ಮೂರನ್ನೂ ಮೆಸೇಜಿನಲ್ಲಿ ಬರೆದು ಫೈಲಿನ ಜೊತೆ ಕಳಿಸುತ್ತೇನೆ. ಅವರ ಕಡೆ ಫೈಲ್ ತೆರೆದಾಗ ಅದೇ ಮೂರು ಬರಬೇಕು.

ಇದಕ್ಕೆಲ್ಲ ಅರ್ಧ ಗಂಟೆ ಸಾಕು. 3ನೇ ತಾರೀಖಿಗೆ ತಪ್ಪು ಸಿಕ್ಕರೆ ಒಂದು ಫೋನಿನಲ್ಲಿ ಮುಗಿಯುತ್ತದೆ. ಆ ಬಿಲ್ಲು ಬರೆದ ಹುಡುಗ ಪಕ್ಕದಲ್ಲೇ ಇರುತ್ತಾನೆ, ಪಾರ್ಟಿಯ ಮುಖ ನೆನಪಿರುತ್ತದೆ. ಕೆಂಪು ಸಾಲನ್ನು ಹಾಗೇ ಕಳಿಸಿದರೆ "ಅವರು ನೋಡಿಕೊಳ್ಳುತ್ತಾರೆ" ಅಂತ ನಾವು, "ಅವರು ಕೊಟ್ಟಿದ್ದೇ ಹೀಗೆ" ಅಂತ ಅವರು. ಬಿಲ್ಲು ನಡುವೆ ನಿಲ್ಲುತ್ತದೆ.

ವಿರೋಧ: ಫೈಲ್ ಬರಲಿ, ಕೆಂಪು ಕೆಂಪಾಗಿಯೇ ಬರಲಿ

`Jan-25` ಸಮಸ್ಯೆ ನಿಜವಾದದ್ದೇ. ನಮ್ಮ ಟೇಬಲ್ ಮೇಲೂ ಅಂಥ ಫೈಲುಗಳು ಬರುತ್ತವೆ. ಆದರೆ ಅದಕ್ಕೆ ಮದ್ದು ತಡೆ ಅಲ್ಲ. ಸಿಎಸ್‌ವಿ ಫೈಲನ್ನು ಡಬಲ್ ಕ್ಲಿಕ್ ಮಾಡಿ ತೆರೆಯದೇ ಇರುವುದು ಮದ್ದು. ಎಕ್ಸೆಲ್‌ನ ಡೇಟಾ ಟ್ಯಾಬಿನಿಂದ ಒಳಗೆ ತಂದು, ಬಿಲ್ ನಂಬರಿನ ಕಾಲಮ್ಮನ್ನು ಟೆಕ್ಸ್ಟ್ ಅಂತ ಹೇಳಿದರೆ 1/25 ಹಾಗೇ ಇರುತ್ತದೆ. ಹೆಸರು ತಿದ್ದಬೇಕಿದ್ದರೆ ಸಾಫ್ಟ್‌ವೇರಿನ ಲೆಡ್ಜರಿನಲ್ಲೇ ತಿದ್ದಿ ಮತ್ತೆ ಫೈಲ್ ತೆಗೆಯಬೇಕು. ಪರೀಕ್ಷೆ ಬೇಡ ಅಂತ ನಾನು ಹೇಳುತ್ತಿಲ್ಲ. ಪಾಸಾಗದಿದ್ದರೆ ಕಳಿಸಲೇಬಾರದು ಅನ್ನುವ ಕಟ್ಟುನಿಟ್ಟು ಏನು ಮಾಡುತ್ತದೆ ಅಂತ ಹೇಳುತ್ತೇನೆ.

ನಮ್ಮಲ್ಲಿ ಹೊಸಪೇಟೆಯ ಒಂದು ಲಾಡ್ಜಿನ ಲೆಕ್ಕವಿದೆ. ಹಂಪಿ ನೋಡಲು ಬರುವವರೇ ಗಿರಾಕಿಗಳು. ಕಂಪನಿ ಕೆಲಸಕ್ಕೆ ಬಂದು ಕಂಪನಿಯ ಜಿಎಸ್‌ಟಿ ನಂಬರ್ ಕೊಡುವವರೂ ಇರುತ್ತಾರೆ. ನವೆಂಬರ್ 2025ರಲ್ಲಿ ಹೈದರಾಬಾದಿನ ಕಂಪನಿಯವರು ಒಬ್ಬರು ಎರಡು ರಾತ್ರಿ ಉಳಿದರು. ರೂಮು ದಿನಕ್ಕೆ 2,000, ಒಟ್ಟು 4,000. ತೆರಿಗೆ ಶೇಕಡಾ 5. ಅದರಲ್ಲಿ ಕೇಂದ್ರದ ಪಾಲು ಸಿಜಿಎಸ್‌ಟಿ 100, ರಾಜ್ಯದ ಪಾಲು ಎಸ್‌ಜಿಎಸ್‌ಟಿ 100. ಬಿಲ್ಲು ಸರಿಯಾಗಿಯೇ ಇತ್ತು. ರೂಮಿನ ವಿಷಯದಲ್ಲಿ ತೆರಿಗೆ ಯಾವ ರಾಜ್ಯಕ್ಕೆ ಅನ್ನುವುದನ್ನು ಗಿರಾಕಿಯ ಊರು ಹೇಳುವುದಿಲ್ಲ, ಕಟ್ಟಡ ಇರುವ ಜಾಗ ಹೇಳುತ್ತದೆ. ಲಾಡ್ಜ್ ಕರ್ನಾಟಕದಲ್ಲಿದೆ, ಹಾಗಾಗಿ ರಾಜ್ಯದ ಒಳಗಿನ ವ್ಯವಹಾರದ ಹಾಗೆ ಈ ಎರಡು ತೆರಿಗೆಯೇ ಸರಿ.

ಆದರೆ ಅವರ ಸಾಫ್ಟ್‌ವೇರಿನಲ್ಲಿ ಯಾರೋ ಬರೆದಿದ್ದ ಪರೀಕ್ಷೆ ಬೇರೆ. ಪಾರ್ಟಿಯ ನಂಬರ್ ಕರ್ನಾಟಕದ 29ರಿಂದ ಶುರುವಾಗದಿದ್ದರೆ, ರಾಜ್ಯದಿಂದ ರಾಜ್ಯಕ್ಕೆ ನಡೆಯುವ ವ್ಯವಹಾರದ ತೆರಿಗೆಯಾದ ಐಜಿಎಸ್‌ಟಿ ಇರಲೇಬೇಕು. ಹೈದರಾಬಾದಿನ ನಂಬರ್ 36. ಸಾಲು ಕೆಂಪು. ಫೈಲ್ ತೆಗೆಯಲು ಬಿಡುವುದಿಲ್ಲ. ಆ ತಿಂಗಳು ಇಂಥ ಬಿಲ್ಲು ಏಳಿದ್ದವು.

ರಿಸೆಪ್ಷನ್ನಿನಲ್ಲಿ ಕೂರುವ ಹುಡುಗ ಏನು ಮಾಡಬೇಕು? ಡಿಸೆಂಬರ್ 10ರ ಸಂಜೆ, ನಾವು ಆಫೀಸಿನಿಂದ ಫೋನ್ ಮೇಲೆ ಫೋನ್ ಮಾಡುತ್ತಿದ್ದೇವೆ. ಏಳೂ ಬಿಲ್ಲುಗಳನ್ನು ತೆರೆದು ಐಜಿಎಸ್‌ಟಿ ಮಾಡಿದ. ಎಲ್ಲ ಹಸಿರಾಯಿತು. ಫೈಲ್ ಬಂತು. ಅಂಕಿ ಕೂಡುತ್ತದೆ, ಸರಣಿ ಸರಿ ಇದೆ, ಒಂದೇ ಒಂದು ಕೆಂಪು ಇಲ್ಲ. ಏಳು ಬಿಲ್ಲು ತಪ್ಪು.

ನಮಗೆ ಗೊತ್ತಾದದ್ದು ಒಂದೇ ಕಾರಣಕ್ಕೆ. ಆ ಲಾಡ್ಜಿನ ಫೈಲಿನಲ್ಲಿ ಐಜಿಎಸ್‌ಟಿ ಕಾಲಮ್ ಯಾವತ್ತೂ ಖಾಲಿ ಇರುತ್ತಿತ್ತು. ಈ ಸಲ ತುಂಬಿತ್ತು. ಗಿರಾಕಿಗೆ ಕೊಟ್ಟ ಬಿಲ್ಲಿನ ಪ್ರತಿ ತರಿಸಿ ನೋಡಿದರೆ ಅದರಲ್ಲಿ ನೂರು, ನೂರು ಅಂತ ಎರಡು ಸಾಲು. ಫೈಲಿನಲ್ಲಿ ಇನ್ನೂರರ ಒಂದು ಸಾಲು. ಅದು ಹಾಗೇ ಹೋಗಿದ್ದರೆ ಸರಿಯಾದ ತೆರಿಗೆಯನ್ನು ಇನ್ನೊಮ್ಮೆ ಕಟ್ಟಿ, ಮೊದಲು ಕಟ್ಟಿದ ಐಜಿಎಸ್‌ಟಿಗೆ ರೀಫಂಡ್ ಅರ್ಜಿ ಹಾಕಿ ಕಾಯಬೇಕಿತ್ತು.

ಆ ಹುಡುಗನ ಮೇಲೆ ನನಗೆ ಸಿಟ್ಟಿಲ್ಲ. ಬಾಗಿಲು ಹಾಕಿಟ್ಟು "ಹಸಿರು ಮಾಡಿಕೊಂಡು ಬಾ" ಅಂದರೆ ಅವನು ಮಾಡಿದ್ದನ್ನೇ ಯಾರಾದರೂ ಮಾಡುತ್ತಾರೆ. ಇನ್ನೂ ಸುಲಭದ ದಾರಿಯೊಂದಿದೆ. ಜಿಎಸ್‌ಟಿ ನಂಬರ್ ಕೆಂಪು ತೋರಿಸಿದರೆ ಆ ನಂಬರನ್ನೇ ಅಳಿಸಿಬಿಡುವುದು. ಬಿಲ್ಲು ಸಾಮಾನ್ಯ ಗಿರಾಕಿಗೆ ಮಾರಿದ ಲೆಕ್ಕಕ್ಕೆ ಹೋಗುತ್ತದೆ, ಪರೀಕ್ಷೆಗೆ ಕೇಳಲು ಏನೂ ಉಳಿಯುವುದಿಲ್ಲ, ಸರ್ಕಾರಕ್ಕೆ ತೆರಿಗೆಯೂ ಅಷ್ಟೇ ಹೋಗುತ್ತದೆ. ಖರೀದಿದಾರನ 2ಬಿಯಲ್ಲಿ ಮಾತ್ರ ಬಿಲ್ಲು ಇರುವುದಿಲ್ಲ. ಇಂಥದ್ದು ನಡೆದಿದೆ ಅಂತ ತಿಳಿಯಲು ನಾನು ಹೋದ ತಿಂಗಳಿನ ಜಿಎಸ್‌ಟಿ ಪಾರ್ಟಿಗಳ ಪಟ್ಟಿಯನ್ನು ಈ ತಿಂಗಳಿನ ಪಕ್ಕ ಇಟ್ಟು ನೋಡುತ್ತೇನೆ. ಪ್ರತಿ ತಿಂಗಳು ಬರುವ ಪಾರ್ಟಿ ಒಮ್ಮೆಲೇ ಮಾಯವಾದರೆ ಫೋನ್ ಮಾಡುತ್ತೇನೆ. ಕೆಂಪು ಸಾಲು ಕೆಂಪಾಗಿ ಬಂದಿದ್ದರೆ ಈ ಪತ್ತೇದಾರಿಕೆಯೇ ಬೇಕಿರಲಿಲ್ಲ.

ಪೋರ್ಟಲ್ ಕೂಡ ಎಲ್ಲವನ್ನೂ ತಡೆಯುವುದಿಲ್ಲ, ಗಮನಿಸಿ. ಜೆಸನ್ ಫೈಲ್ ಏರಿಸಿದಾಗ ಕೆಲವು ಬಿಲ್ಲು ತಪ್ಪಿದ್ದರೆ `Processed with Error` ಅಂತ ಬರುತ್ತದೆ. ಸರಿ ಇದ್ದವು ಒಳಗೆ ಹೋಗುತ್ತವೆ. ತಪ್ಪಿದ್ದವುಗಳ ಪಟ್ಟಿಯನ್ನು ನಮಗೆ ವಾಪಸ್ ಕೊಡುತ್ತದೆ. ನಾಲ್ಕು ಬಿಲ್ಲಿಗಾಗಿ ನಾನೂರು ಬಿಲ್ಲು ಕಾಯುವುದಿಲ್ಲ. ನಾವು ಮಾತ್ರ ಯಾಕೆ ಕಾಯಿಸಬೇಕು? ಜಿಎಸ್‌ಟಿಆರ್-1ರ ಕಡೇ ದಿನ 11 ದಾಟಿದರೆ ಆ ನಾನೂರು ಖರೀದಿದಾರರೂ ತೊಂದರೆಗೆ ಬೀಳುತ್ತಾರೆ. ಉಳಿದ ನಾಲ್ಕನ್ನು, ತೆರಿಗೆ ಕಟ್ಟುವ ರಿಟರ್ನ್ ಆದ 3ಬಿ ಹಾಕುವ ಮುಂಚೆ, ತಿದ್ದುಪಡಿಯ ಫಾರಂ ಆದ ಜಿಎಸ್‌ಟಿಆರ್-1ಎಯಲ್ಲಿ ಸೇರಿಸಬಹುದು. ಅವು ಖರೀದಿದಾರನಿಗೆ ಕಾಣುವುದು ಮುಂದಿನ ತಿಂಗಳ 2ಬಿಯಲ್ಲಿ, ಅಷ್ಟು ನಷ್ಟ ಇದೆ. ಆದರೆ ನಾಲ್ಕು ಜನರಿಗೆ ಮಾತ್ರ.

ದಾವಣಗೆರೆಯವರು ಹೇಳಿದ ಮೂರು ಅಂಕಿ ನನಗೂ ಬೇಕು. ಅದರಷ್ಟು ಉಪಯೋಗಕ್ಕೆ ಬರುವುದು ಇನ್ನೊಂದಿಲ್ಲ. ನನ್ನ ಕೋರಿಕೆ ಇಷ್ಟೇ. 3ನೇ ತಾರೀಖಿಗೆ ಫೈಲ್ ಇದ್ದ ಹಾಗೆ ಕಳಿಸಿ. ಪರೀಕ್ಷೆ ಏನು ಹೇಳಿತು ಅನ್ನುವುದು ಪ್ರತಿ ಸಾಲಿನ ಕೊನೆಯಲ್ಲಿ ಇರಲಿ. ಅದರ ಪಕ್ಕ ಒಂದು ಖಾಲಿ ಕಾಲಮ್ ಇರಲಿ, ಬಿಲ್ಲು ಬರೆದವರು ತಮಗೆ ಗೊತ್ತಿದ್ದದ್ದನ್ನು ಬರೆಯಲಿ. ಗೊತ್ತಿಲ್ಲದಿದ್ದರೆ ಖಾಲಿ ಬಿಡಲಿ. ಯಾವುದನ್ನು ತಿದ್ದಬೇಕು, ಯಾವುದನ್ನು ಹಾಗೇ ಬಿಡಬೇಕು ಅಂತ ನೋಡುವುದು ನಮ್ಮ ಕೆಲಸ.

ಲಾಡ್ಜಿನವರು ಈಗ ಹಾಗೇ ಕಳಿಸುತ್ತಾರೆ. ಈ ಸಲದ ಫೈಲಿನಲ್ಲಿ ಮೂರು ಸಾಲು ಕೆಂಪಿದ್ದವು. ಎರಡರ ಪಕ್ಕ ಅದೇ ಹುಡುಗ ಬರೆದಿದ್ದ: "ಗೆಸ್ಟ್ ಹೈದರಾಬಾದಿನವರು, ರೂಮು ನಮ್ಮದು, ತೆರಿಗೆ ಸರಿ ಇದೆ ಸರ್." ಮೂರನೆಯದರ ಪಕ್ಕ: "ನಂಬರ್ ಫೋನಿನಲ್ಲಿ ಹೇಳಿದ್ದು, ಕೇಳಿಸಿದ ಹಾಗೆ ಬರೆದಿದೀನಿ, ಕೇಳಿ ತಿಳಿಸ್ತೀನಿ." ಮಾರನೇ ದಿನ ಸರಿಯಾದ ನಂಬರ್ ಬಂತು.