ಗೊತ್ತಿಲ್ಲದೆ ಮಾರಿದ ಹಾಲು: ತಪ್ಪು ಮಾಡುವ ಮನಸ್ಸಿಲ್ಲದಿದ್ದರೂ ಶಿಕ್ಷೆ ಸರಿಯೇ?

ಕ್ರಿಮಿನಲ್ ಕಾನೂನಿನಲ್ಲಿ ಸಾಮಾನ್ಯವಾಗಿ ಎರಡು ಸಂಗತಿ ಸಾಬೀತಾಗಬೇಕು. ಆರೋಪಿ ಆ ಕೃತ್ಯ ಮಾಡಿದ್ದಾನೆ ಎಂಬುದು ಒಂದು, ತಿಳಿದೋ ಬಯಸಿಯೋ ಮಾಡಿದ್ದಾನೆ ಎಂಬುದು ಇನ್ನೊಂದು. ಈ ಎರಡನೆಯದಕ್ಕೆ ವಕೀಲರು ಮೆನ್ಸ್ ರಿಯಾ ಎನ್ನುತ್ತಾರೆ. ಕೆಲವು ಅಪರಾಧಗಳಲ್ಲಿ ಮಾತ್ರ ಇದನ್ನು ಸಾಬೀತು ಮಾಡಬೇಕಿಲ್ಲ, ಕೃತ್ಯ ನಡೆದಿದ್ದರೆ ಸಾಕು. ನಮ್ಮಲ್ಲಿ ಇದಕ್ಕೆ ಬಹಳ ಹಳೆಯ ಉದಾಹರಣೆ ಆಹಾರ ಕಲಬೆರಕೆ. 1954ರ ಆಹಾರ ಕಲಬೆರಕೆ ತಡೆ ಕಾಯ್ದೆಯ 19ನೇ ಕಲಮು, ಮಾರಿದ ಪದಾರ್ಥ ಎಂಥದೆಂದು ವ್ಯಾಪಾರಿಗೆ ಗೊತ್ತಿರಲಿಲ್ಲ ಎಂಬುದಷ್ಟೇ ರಕ್ಷಣೆಯಾಗದು ಎಂದು ನೇರವಾಗಿ ಹೇಳಿತ್ತು. 2011ರ ಆಗಸ್ಟ್ 5ರಿಂದ ಅದರ ಜಾಗಕ್ಕೆ 2006ರ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಕಾಯ್ದೆ ಬಂದಿದೆ. ಪ್ರಶ್ನೆ ಮಾತ್ರ ಹಾಗೇ ಉಳಿದಿದೆ.

ಪರ: ಹೊಣೆ ಇರಬೇಕಾದದ್ದು ಪಾತ್ರೆ ಯಾರ ಕೈಯಲ್ಲಿದೆಯೋ ಅವರ ಮೇಲೆ

ಮನಸ್ಸಿನಲ್ಲಿ ಇದ್ದುದನ್ನು ಸಾಬೀತು ಮಾಡಿ ಎಂದು ಕೇಳಿದ ಕಾನೂನೂ ನಮ್ಮಲ್ಲಿತ್ತು. 1860ರ ಭಾರತೀಯ ದಂಡ ಸಂಹಿತೆಯ 273ನೇ ಕಲಮಿನ ಪ್ರಕಾರ, ಹಾನಿಕರ ಆಹಾರ ಮಾರಿದವನಿಗೆ ಅದು ಹಾನಿಕರವೆಂದು ತಿಳಿದಿರಬೇಕು ಅಥವಾ ಹಾಗೆ ನಂಬಲು ಕಾರಣವಿರಬೇಕು. ಓದಲು ನ್ಯಾಯವಾಗಿಯೇ ಕಾಣುತ್ತದೆ. ಆದರೆ ಹಾಲಿನ ದಾರಿಯನ್ನು ಒಮ್ಮೆ ನೋಡಿ. ಕೊಟ್ಟಿಗೆಯಲ್ಲಿ ಕರೆದದ್ದು ಕ್ಯಾನಿಗೆ ಬೀಳುತ್ತದೆ, ಹಾಲಿನವನ ಗಾಡಿ ಹತ್ತುತ್ತದೆ, ಇನ್ನೂ ನಾಲ್ಕು ಮನೆಯ ಹಾಲಿನ ಜೊತೆ ಬೆರೆಯುತ್ತದೆ, ಆಮೇಲೆ ಅಂಗಡಿಗೋ ಹೋಟೆಲಿಗೋ ತಲುಪುತ್ತದೆ. ನೀರು ಎಲ್ಲಿ ಸೇರಿತು? ಅಂಗಡಿಯವನು ಗಾಡಿಯವನ ಕಡೆ ಕೈ ತೋರಿಸುತ್ತಾನೆ, ಗಾಡಿಯವನು ರೈತನ ಕಡೆ, ರೈತ ಹಸುವಿನ ಕಡೆ. ಪ್ರತಿಯೊಬ್ಬರ ತಲೆಯೊಳಗೆ ಏನಿತ್ತೆಂದು ಸಂಶಯಾತೀತವಾಗಿ ತೋರಿಸಬೇಕೆಂದರೆ ಒಂದು ಪ್ರಕರಣವೂ ನಿಲ್ಲುವುದಿಲ್ಲ. ಅಷ್ಟರಲ್ಲಿ ಕುಡಿಯುವ ಮಗು ಕುಡಿದಾಗಿರುತ್ತದೆ.

ಉತ್ತರ ಪ್ರದೇಶದ ಒಂದು ಪ್ರಕರಣ ಇದನ್ನು ಚೆನ್ನಾಗಿ ತೋರಿಸುತ್ತದೆ. 1995ರ ಅಕ್ಟೋಬರಿನಲ್ಲಿ ಒಬ್ಬ ಹಾಲು ಮಾರಾಟಗಾರನಿಂದ ಮಾದರಿ ತೆಗೆದರು. ಫ್ಯಾಟ್ 4.6% ಬಂತು. ಎಸ್‌ಎನ್‌ಎಫ್, ಅಂದರೆ ಕೊಬ್ಬು ಬಿಟ್ಟು ಉಳಿದ ಘನಾಂಶ, ಕನಿಷ್ಠ 8.5% ಇರಬೇಕಾದಲ್ಲಿ 7.7% ಇತ್ತು. 0.8ರ ಕೊರತೆ ಎಂದರೆ ಅಲ್ಪ ಎನಿಸುತ್ತದೆ. ಲೆಕ್ಕ ಹಾಕಿ ನೋಡಿ: 8.5% ಘನಾಂಶವಿರುವ 100 ಲೀಟರ್ ಹಾಲನ್ನು 7.7%ಕ್ಕೆ ಇಳಿಸಲು ಸುಮಾರು 10 ಲೀಟರ್ ನೀರು ಬೇಕು. ಇಷ್ಟು ಕೊರತೆಯನ್ನು ಮನ್ನಿಸುವುದೆಂದರೆ ಹತ್ತು ಲೀಟರಿಗೆ ಒಂದು ಲೀಟರ್ ನೀರನ್ನು ಕಾನೂನೇ ಒಪ್ಪಿಕೊಂಡಂತೆ. ಪ್ರಕರಣ 2019ರಲ್ಲಿ ಸುಪ್ರೀಂ ಕೋರ್ಟಿಗೆ ಬಂದಾಗ ನ್ಯಾಯಾಲಯ, ಶಾಸನವೇ ಮಾನದಂಡ ನಿಗದಿ ಮಾಡಿದ ಮೇಲೆ ಸಣ್ಣ ವ್ಯತ್ಯಾಸವನ್ನೂ ಕಡೆಗಣಿಸಲಾಗದು ಎಂದು ಶಿಕ್ಷೆಯನ್ನು ಎತ್ತಿಹಿಡಿಯಿತು. ನನ್ನ ಮಟ್ಟಿಗೆ ಅದು ಸರಿಯಾದ ತೀರ್ಪು. ಗೆರೆ ಎಳೆದ ಮೇಲೆ ಗೆರೆಯ ಆಚೆಗಿರುವುದು ಆಚೆಗೇ ಇರಬೇಕು.

ಮನಸ್ಸನ್ನು ನೋಡದ ಕಾನೂನು ಕುರುಡು ಎಂಬ ದೂರು ಪದೇ ಪದೇ ಕೇಳಿಬರುತ್ತದೆ. ಈಗಿನ ಕಾಯ್ದೆಯನ್ನು ಓದಿದವರು ಹಾಗೆ ಹೇಳಲಾರರು. 80ನೇ ಕಲಮು, ತಪ್ಪು ತಿಳಿವಳಿಕೆಯಿಂದ ಮಾಡಿದೆ ಎಂಬ ವಾದವನ್ನು ಮುಚ್ಚಿದೆ, ನಿಜ. ಅದೇ ಕಲಮು ಎಚ್ಚರ ವಹಿಸಿದವನಿಗೆ ಬೇರೆ ಬಾಗಿಲು ತೆರೆದಿದೆ. ತಪ್ಪು ಪೂರೈಸಿದವನದು, ನಾನು ಮಾಡಬಹುದಾದ ತಪಾಸಣೆಯನ್ನೆಲ್ಲ ಮಾಡಿದ್ದೆ ಅಥವಾ ಅವನು ಮಾಡಿದ ತಪಾಸಣೆಯನ್ನು ನಂಬಲು ಕಾರಣವಿತ್ತು, ಕೊಂಡ ಸ್ಥಿತಿಯಲ್ಲೇ ಮಾರಿದೆ, ಸಂಶಯಪಡುವ ಕಾರಣ ಇರಲಿಲ್ಲ ಎಂದು ತೋರಿಸಿದರೆ ಅವನು ಪಾರಾಗುತ್ತಾನೆ. ಇದಕ್ಕೆ ದೊಡ್ಡ ಲ್ಯಾಬೊರೇಟರಿ ಬೇಕಾಗಿಲ್ಲ. 26ನೇ ಕಲಮಿನ ಪ್ರಕಾರ ವಿತರಕ ಲಿಖಿತ ಖಾತರಿ ಕೊಡದೆ ಮಾರುವಂತಿಲ್ಲ, ಮತ್ತು ಮಾಮೂಲಿ ಬಿಲ್ಲನ್ನೇ ಖಾತರಿ ಎಂದು ಪರಿಗಣಿಸಲಾಗುತ್ತದೆ. ಬಿಲ್ಲು ಕೇಳಿ ಪಡೆದು ಜೋಪಾನ ಮಾಡುವುದು, ಕ್ಯಾನ್ ಬಂದಾಗ ಲ್ಯಾಕ್ಟೋಮೀಟರ್ ಇಳಿಬಿಟ್ಟು ಡಿಗ್ರಿ ಬರೆದಿಡುವುದು, ಡಿಗ್ರಿ ಕಡಿಮೆ ಬಂದರೆ ವಾಪಸ್ ಕಳಿಸುವುದು. ಇಷ್ಟು ಮಾಡುವ ಅಂಗಡಿಗೆ ಹೇಳಿಕೊಳ್ಳಲು ಮಾತಿದೆ.

ಗೊತ್ತಿರಲಿಲ್ಲ ಎಂಬುದೇ ರಕ್ಷಣೆಯಾದರೆ ಆಗುವುದು ತಿರುಗುಮುರುಗು. ತಪಾಸಣೆ ಮಾಡಿದವನಿಗೆ ವಿಷಯ ತಿಳಿಯುತ್ತದೆ, ಆದ್ದರಿಂದ ಅವನು ಸಿಕ್ಕಿಬೀಳುತ್ತಾನೆ. ನೋಡದೇ ಸುರಿದು ಮಾರಿದವನು ನಿರಪರಾಧಿ. ಡಿಗ್ರಿ ನೋಡದಿರುವುದೇ ಲಾಭದ ದಾರಿಯಾಗುತ್ತದೆ. 1973ರಲ್ಲಿ ಕೃತಕ ಸಿಹಿ ಬೆರೆಸಿದ ಅಡಿಕೆಯ ಪ್ರಕರಣದಲ್ಲಿ ನ್ಯಾಯಮೂರ್ತಿ ವಿ.ಆರ್. ಕೃಷ್ಣ ಅಯ್ಯರ್, ಆಹಾರದ ಅಪರಾಧಗಳಲ್ಲಿ ಕಟ್ಟುನಿಟ್ಟಿನ ಹೊಣೆಯೇ ನಿಯಮ ಎಂದರು. ಬಡವರ ಪರವಾಗಿ ಮತ್ತು ಕೈದಿಗಳ ಹಕ್ಕಿನ ಪರವಾಗಿ ಅಷ್ಟೊಂದು ಬರೆದ ನ್ಯಾಯಮೂರ್ತಿಯೊಬ್ಬರು ಈ ವಿಷಯದಲ್ಲಿ ಗಟ್ಟಿಯಾಗಿ ನಿಂತದ್ದು ಸುಮ್ಮನೆ ಅಲ್ಲ. ಕಲಬೆರಕೆ ಉಣ್ಣುವವರೂ ಹೆಚ್ಚಾಗಿ ಬಡವರೇ.

ವಿರೋಧ: ದಂಡ ಹಾಕಿ, ಜೈಲಿಗೆ ಕಳಿಸುವ ಮುನ್ನ ತಪ್ಪು ತೋರಿಸಿ

ಮೇಲಿನ 7.7%ರ ಪ್ರಕರಣವನ್ನೇ ತೆಗೆದುಕೊಳ್ಳೋಣ, ಏಕೆಂದರೆ ಅದರಲ್ಲಿ ಹೇಳದೆ ಉಳಿದದ್ದು ಬಹಳವಿದೆ. ಮಾದರಿ ತೆಗೆದದ್ದು 1995ರಲ್ಲಿ, ಕೊನೆಯ ತೀರ್ಪು ಬಂದದ್ದು 2019ರಲ್ಲಿ. ಇಪ್ಪತ್ತನಾಲ್ಕು ವರ್ಷದ ಮೇಲೆ, ಆತ ನೀರು ಬೆರೆಸಿದ್ದನೇ ಎಂಬ ಪ್ರಶ್ನೆಗೆ ಯಾರೂ ಉತ್ತರಿಸಬೇಕಾಗಿರಲಿಲ್ಲ. ಕನಿಷ್ಠ ಶಿಕ್ಷೆ 6 ತಿಂಗಳ ಜೈಲು ಎಂದು ಹಳೆಯ ಕಾಯ್ದೆ ಹೇಳಿದ್ದರಿಂದ ಅದನ್ನು ಇಳಿಸಲೂ ನ್ಯಾಯಾಲಯ ಒಪ್ಪಲಿಲ್ಲ.

ಹತ್ತು ಲೀಟರಿಗೆ ಒಂದು ಲೀಟರ್ ನೀರು ಎಂಬ ಲೆಕ್ಕ, ಮೂಲ ಹಾಲಿನಲ್ಲಿ 8.5% ಇತ್ತು ಎಂದು ಮೊದಲೇ ಒಪ್ಪಿಕೊಂಡು ಶುರುವಾಗುತ್ತದೆ. ಹಸುವಿಗೆ ಅದು ಗೊತ್ತಿಲ್ಲ. ಮೇವು ಸಾಲದ ಬೇಸಿಗೆಯಲ್ಲಿ, ಕೆಚ್ಚಲು ಬಾವು ಬಂದಾಗ ಹಾಲಿನ ಎಸ್‌ಎನ್‌ಎಫ್ ತಾನಾಗಿಯೇ ಇಳಿಯುತ್ತದೆ. ಡೈರಿಗೆ ಹಾಲು ಹಾಕುವ ರೈತರನ್ನು ಕೇಳಿ, ಎಸ್‌ಎನ್‌ಎಫ್ ಬರಲಿಲ್ಲ ಎಂದು ರೇಟು ಮುರಿಸಿಕೊಂಡದ್ದನ್ನು ಹೇಳುತ್ತಾರೆ. ನೀರು ಬೆರೆತದ್ದನ್ನೂ ಹಾಲೇ ತೆಳುವಾದದ್ದನ್ನೂ ಬೇರೆ ಮಾಡಿ ತೋರಿಸುವ ಪರೀಕ್ಷೆ ಇದೆ: ಹಾಲು ಹೆಪ್ಪುಗಟ್ಟುವ ಉಷ್ಣತೆ. ಹಾಲಿನ ಲವಣ ಮತ್ತು ಸಕ್ಕರೆಯ ಒತ್ತಡ ಹಸುವಿನ ರಕ್ತದೊಂದಿಗೆ ಸಮತೋಲದಲ್ಲಿ ಇರುವುದರಿಂದ, ಹಾಲು ತೆಳುವಿದ್ದರೂ ಈ ಉಷ್ಣತೆ ಸುಮಾರು ಮೈನಸ್ 0.54 ಡಿಗ್ರಿಯ ಆಸುಪಾಸಿನಲ್ಲೇ ನಿಲ್ಲುತ್ತದೆ. ನೀರು ಬೆರೆಸಿದರೆ ಮಾತ್ರ ಅದು ಸೊನ್ನೆಯ ಕಡೆಗೆ ಏರುತ್ತದೆ. ಈಗ ಮಾದರಿ ತೆಗೆಯುವ ಕ್ರಮ ನೋಡಿ. ಅಧಿಕಾರಿ ಹಾಲು ಕೊಂಡು, ಚೆನ್ನಾಗಿ ಕಲಕಿ, ನಾಲ್ಕು ಭಾಗ ಮಾಡಿ, ಕೆಡದಂತೆ ಪ್ರತಿ 25 ಮಿಲಿಲೀಟರಿಗೆ ಎರಡು ಹನಿ ಫಾರ್ಮಲಿನ್ ಹಾಕಿ ಸೀಲು ಮಾಡುತ್ತಾರೆ. ಫಾರ್ಮಲಿನ್ ಕರಗಿದ ಕೂಡಲೇ ಹೆಪ್ಪುಗಟ್ಟುವ ಉಷ್ಣತೆ ಕೆಳಗಿಳಿಯುತ್ತದೆ. ಆಮೇಲೆ ಆ ಪರೀಕ್ಷೆ ಮಾಡಿದರೂ ಅಂಕಿಯನ್ನು ನಂಬುವಂತಿಲ್ಲ. ನಿರಪರಾಧಿಯನ್ನು ಉಳಿಸಬಹುದಾಗಿದ್ದ ಸಾಕ್ಷ್ಯ ಸೀಸೆಯಲ್ಲೇ ಅಳಿಸಿಹೋಗುತ್ತದೆ. ಮನಸ್ಸು ಏನಿತ್ತೆಂದು ಕೇಳಬೇಕಾದ ಕಾನೂನಾಗಿದ್ದರೆ ಫಾರ್ಮಲಿನ್‌ಗೆ ಮೊದಲು ಒಂದು ಭಾಗವನ್ನು ಮಂಜುಗಡ್ಡೆಯಲ್ಲಿಟ್ಟು ಕಳಿಸುವ ಪದ್ಧತಿ ಬೆಳೆಯುತ್ತಿತ್ತು. ಕೇಳಬೇಕಿಲ್ಲವಾದ್ದರಿಂದ ಬೆಳೆಯಲಿಲ್ಲ.

ನನ್ನ ಮುಖ್ಯ ತಕರಾರು ಇದೇ. ಸಾಬೀತು ಮಾಡುವ ಭಾರ ಕಳಚಿದರೆ ತನಿಖೆ ಸುಲಭವಾಗಿ ಸಿಗುವ ಕೊನೆಯ ಕೊಂಡಿಯಲ್ಲೇ ನಿಲ್ಲುತ್ತದೆ. 1960ರಲ್ಲಿ ತೀರ್ಪಾದ ಒಂದು ಪ್ರಕರಣದಲ್ಲಿ, ಕಲಬೆರಕೆ ಸಾಸಿವೆ ಎಣ್ಣೆ ಅಳೆದುಕೊಟ್ಟ ಅಂಗಡಿಯ ನೌಕರನೊಬ್ಬ, ಎಣ್ಣೆ ಎಂಥದೆಂದು ನನಗೆ ತಿಳಿದಿರಲಿಲ್ಲ, ನಾನು ಕೂಲಿಗೆ ಇರುವವನು ಎಂದು ಸುಪ್ರೀಂ ಕೋರ್ಟಿನಲ್ಲಿ ವಾದಿಸಿದ. ಮಾರಾಟದ ನಿಷೇಧ ಎಲ್ಲರಿಗೂ ಅನ್ವಯ ಎಂದು ನ್ಯಾಯಾಲಯ ಅವನನ್ನು ತಪ್ಪಿತಸ್ಥನೆಂದೇ ಹೇಳಿತು. ಪಾತ್ರೆ ಕೈಯಲ್ಲಿದ್ದವನು ಎಂಬ ಮಾತಿಗೆ ಅಲ್ಲಿ ಏನರ್ಥ? ಎಣ್ಣೆ ಎಲ್ಲಿಂದ ತರಿಸಬೇಕೆಂದು ನಿರ್ಧರಿಸುವ ಅಧಿಕಾರ ಆ ನೌಕರನಿಗೆ ಇರುವುದಿಲ್ಲ.

80ನೇ ಕಲಮಿನ ಬಾಗಿಲಿನ ಬಗ್ಗೆಯೂ ಒಂದು ಮಾತು. ಅದು ಕಾಗದ ಇರುವವರ ಬಾಗಿಲು. ಪ್ಯಾಕೆಟ್ ಮಾರುವ ಅಂಗಡಿಗೆ ಬಿಲ್ಲು ತಾನಾಗಿ ಬರುತ್ತದೆ. ಬೆಳಗಿನ ಜಾವ ಪಕ್ಕದ ಹಳ್ಳಿಯಿಂದ ಬಿಡಿ ಹಾಲು ತರಿಸುವ ಟೀ ಅಂಗಡಿಗೆ ಯಾರೂ ಬಿಲ್ಲು ಬರೆದುಕೊಡುವುದಿಲ್ಲ, ತಿಂಗಳ ಲೆಕ್ಕ ಕ್ಯಾಲೆಂಡರಿನ ಮೇಲಿರುತ್ತದೆ. ಲ್ಯಾಕ್ಟೋಮೀಟರೂ ಪೂರ್ತಿ ಕಾಯುವುದಿಲ್ಲ: ನೀರು ಸೇರಿಸಿ ಜೊತೆಗೆ ಸಕ್ಕರೆಯನ್ನೋ ಯೂರಿಯಾವನ್ನೋ ಹಾಕಿದರೆ ಡಿಗ್ರಿ ಸರಿಯಾಗಿಯೇ ತೋರಿಸುತ್ತದೆ. ಆಗ ಅಂಗಡಿಯವನು ಸಾಬೀತು ಮಾಡಬೇಕಾದ ಎಚ್ಚರ ಅವನ ಶಕ್ತಿ ಮೀರಿದ್ದು.

ಹಾಗೆಂದು ಎಲ್ಲವನ್ನೂ ತೆಗೆದುಹಾಕಿ ಎಂದು ಹೇಳುತ್ತಿಲ್ಲ. ಹೊಸ ಕಾಯ್ದೆ ಒಂದು ಒಳ್ಳೆಯ ಕೆಲಸ ಮಾಡಿದೆ. ಗುಣಮಟ್ಟ ಕಡಿಮೆ ಆದರೆ ಅಪಾಯವಿಲ್ಲದ ಆಹಾರಕ್ಕೆ 51ನೇ ಕಲಮಿನಲ್ಲಿ ಜೈಲಿಲ್ಲ, 5 ಲಕ್ಷ ರೂಪಾಯಿವರೆಗಿನ ದಂಡ ಮಾತ್ರ. ಅದನ್ನು ವಿಧಿಸುವುದು ಕ್ರಿಮಿನಲ್ ಕೋರ್ಟಲ್ಲ, ಅಪರ ಜಿಲ್ಲಾಧಿಕಾರಿ ದರ್ಜೆಯ ಅಧಿಕಾರಿ. ಮೊತ್ತ ನಿಗದಿ ಮಾಡುವಾಗ ಲಾಭ ಎಷ್ಟಾಯಿತು, ಮರುಕಳಿಸಿದೆಯೇ ಎಂಬುದರ ಜೊತೆಗೆ ವ್ಯಾಪಾರಿಗೆ ತಿಳಿಯದೆ ಆದದ್ದೇ ಎಂಬುದನ್ನೂ ನೋಡಬೇಕೆಂದು 49ನೇ ಕಲಮು ಹೇಳುತ್ತದೆ. 7.7%ರ ಹಾಲು ಇಂದು ಸಿಕ್ಕಿದ್ದರೆ, ಅದರಲ್ಲಿ ಬೇರೆ ಅಪಾಯಕರ ಪದಾರ್ಥ ಇರದಿದ್ದರೆ, ಇಲ್ಲೇ ಮುಗಿಯುತ್ತಿತ್ತು. ಈ ಮಟ್ಟದಲ್ಲಿ ಮನಸ್ಸಿನ ಸಾಬೀತು ಬೇಡ ಎಂಬುದಕ್ಕೆ ನನ್ನ ವಿರೋಧವಿಲ್ಲ.

ವಿರೋಧ ಇರುವುದು 59ನೇ ಕಲಮಿಗೆ. ಅಸುರಕ್ಷಿತ ಆಹಾರ ಮಾರಿ ಅದರಿಂದ ಸಾವಾದರೆ ಕನಿಷ್ಠ 7 ವರ್ಷ, ಜೀವಾವಧಿಯವರೆಗೂ ಜೈಲು. ಆ ಕಲಮಿನಲ್ಲಿ ತಿಳಿದು ಎಂಬ ಪದವಿಲ್ಲ, ಅಜಾಗ್ರತೆ ಎಂಬ ಪದವೂ ಇಲ್ಲ. ಕೆನಡಾದ ಬ್ರಿಟಿಷ್ ಕೊಲಂಬಿಯಾ ಪ್ರಾಂತ್ಯದಲ್ಲಿ, ಲೈಸೆನ್ಸ್ ಅಮಾನತಾದದ್ದು ಗೊತ್ತಿಲ್ಲದೆ ವಾಹನ ಓಡಿಸಿದವನಿಗೂ ಕನಿಷ್ಠ 7 ದಿನ ಜೈಲು ಎಂಬ ಕಾನೂನಿತ್ತು. ತಪ್ಪಿಲ್ಲದವನನ್ನು ಜೈಲಿಗೆ ಕಳಿಸಬಹುದಾದ ಕಾನೂನು ಸಂವಿಧಾನಕ್ಕೆ ವಿರುದ್ಧ ಎಂದು 1985ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್ ಅದನ್ನು ಹೊಡೆದುಹಾಕಿತು. ಅಲ್ಲಿ 7 ದಿನವೇ ಹೆಚ್ಚಾಯಿತು, ನಮ್ಮಲ್ಲಿ 7 ವರ್ಷ.

ತಿದ್ದುಪಡಿ ಕಷ್ಟದ್ದಲ್ಲ. 59ನೇ ಕಲಮಿನಲ್ಲಿ ಜೈಲಿನ ಭಾಗಕ್ಕೆ ಮಾತ್ರ ತಿಳಿದು ಅಥವಾ ಅಜಾಗ್ರತೆಯಿಂದ ಎಂದು ಸೇರಿಸಿ, ಅಜಾಗ್ರತೆಯನ್ನು ತೋರಿಸುವ ಭಾರವನ್ನು ಸರ್ಕಾರಕ್ಕೆ ಕೊಡಬೇಕು. ಸಂಬಳಕ್ಕೆ ಅಳೆದುಕೊಡುವ ನೌಕರನನ್ನು, ಅವನಿಗೆ ವಿಷಯ ಗೊತ್ತಿತ್ತೆಂದು ತೋರಿಸದ ಹೊರತು, ಆರೋಪಿಗಳ ಪಟ್ಟಿಯಿಂದ ಬಿಡಬೇಕು. ಮತ್ತು ಹಾಲಿನ ಮಾದರಿಯ ನಾಲ್ಕು ಸೀಸೆಗಳ ಜೊತೆ ಫಾರ್ಮಲಿನ್ ಹಾಕದ ಐದನೆಯದೊಂದು ಮಂಜುಗಡ್ಡೆಯ ಡಬ್ಬಿಯಲ್ಲಿ ಅದೇ ದಿನ ಪ್ರಯೋಗಾಲಯಕ್ಕೆ ಹೋಗಬೇಕು.