ದಯವಿಟ್ಟು ಗ್ರಾಹಕರ ದಾಖಲೆಯನ್ನು ಮೊದಲು ಅಳಿಸಬೇಡಿ

ಸಿಟ್ಟು ಇನ್ನೂ ಇಳಿದಿಲ್ಲ. ನೇರವಾಗಿ ವಿಷಯಕ್ಕೆ ಬರುತ್ತೇನೆ. ಒಂದು ಆನ್‌ಲೈನ್ ಮಳಿಗೆಗೆ ಗ್ರಾಹಕರೊಬ್ಬರು ‘ನನ್ನ ಮಾಹಿತಿಯನ್ನೆಲ್ಲ ಅಳಿಸಿ’ ಎಂದು ಬರೆದಿದ್ದರು. ಅಂದೇ ‘ಅಳಿಸಲಾಗಿದೆ’ ಎಂಬ ಉತ್ತರ ಹೋಯಿತು. ಕೆಲವು ವಾರಗಳ ನಂತರ ಅದೇ ಮಳಿಗೆಯಿಂದ ಅವರಿಗೆ ರಿಯಾಯಿತಿಯ ಇಮೇಲ್ ಬಂತು. ಏನಾಯಿತೆಂದು ಹುಡುಕುವ ಕೆಲಸ ನನ್ನ ಪಾಲಿಗೆ ಬಂತು.

ಆಗಿದ್ದು ಇಷ್ಟೇ: ಗ್ರಾಹಕರ ಪಟ್ಟಿಯಲ್ಲಿ ಅವರ ಸಾಲನ್ನು ಮೊದಲು ಅಳಿಸಿದ್ದರು. ಅವರ ಇಮೇಲ್‌ಗೂ ಒಳಗಿನ ಸಂಖ್ಯೆಗೂ (48213 ಎಂದಿಟ್ಟುಕೊಳ್ಳಿ) ಇರುವ ನೇರ ನಂಟು ಆ ಒಂದು ಸಾಲಿನಲ್ಲಿ ಮಾತ್ರ ಇತ್ತು. ಮಳಿಗೆಯ ಜಾಲತಾಣದಲ್ಲಿ ಯಾರು ಏನು ನೋಡಿದರೆಂದು ದಾಖಲಿಸುವ ಗೂಗಲ್ ಅನಲಿಟಿಕ್ಸ್‌ಗೆ ಇಮೇಲ್ ಗೊತ್ತಿಲ್ಲ. ಅದಕ್ಕೆ ಗೊತ್ತಿರುವುದು ಆ ಸಂಖ್ಯೆ ಮತ್ತು ಬ್ರೌಸರ್‌ನ ಕುಕಿಯಲ್ಲಿರುವ ಗುರುತು. ಸಾಲು ಹೋದ ಮೇಲೆ, ಯಾರ ದಾಖಲೆಯನ್ನು ಅಳಿಸಬೇಕು ಎಂದು ಅದಕ್ಕೆ ಹೇಳುವುದು ಹೇಗೆ? ಮನೆಯ ಬೀಗದ ಕೈಯನ್ನು ಬಾವಿಗೆ ಹಾಕಿ, ಆಮೇಲೆ ಮನೆ ಖಾಲಿ ಮಾಡಲು ಹೊರಟ ಹಾಗೆ.

ಜಾಹೀರಾತು ವೇದಿಕೆಗೆ ಕಳಿಸಿದ ಪಟ್ಟಿಯ ಕಥೆಯೂ ಇದೇ. ಅಲ್ಲಿಗೆ ಹೋಗುವುದು ಇಮೇಲ್‌ನ ಹ್ಯಾಶ್, ಅಂದರೆ ಇಮೇಲ್‌ನಿಂದ ಲೆಕ್ಕಹಾಕಿ ತೆಗೆದ, ಹಿಂದಕ್ಕೆ ಓದಲಾಗದ ಅಕ್ಷರಸಾಲು. ಒಂದು ಹೆಸರನ್ನು ಅಲ್ಲಿಂದ ತೆಗೆಸಬೇಕಾದರೆ ಅದೇ ಇಮೇಲ್‌ನಿಂದ ಅದೇ ಹ್ಯಾಶ್ ಅನ್ನು ಮತ್ತೆ ತಯಾರಿಸಬೇಕು. ಒಂದು ಅಕ್ಷರ ದೊಡ್ಡದಿದ್ದರೂ, ಕೊನೆಯಲ್ಲಿ ಒಂದು ಖಾಲಿ ಜಾಗ ಉಳಿದಿದ್ದರೂ ಹ್ಯಾಶ್ ಬೇರೆಯಾಗುತ್ತದೆ. ಇಮೇಲನ್ನೇ ಅಳಿಸಿ ಕುಳಿತವರಿಗೆ ಆ ದಾರಿಯೂ ಮುಚ್ಚಿತು.

ನಾನು ಇದನ್ನು ಕೇಳಿದಾಗ ಮಳಿಗೆಯವರಿಂದ ಬಂದ ಉತ್ತರ: ‘ಅನಲಿಟಿಕ್ಸ್‌ನಲ್ಲಿ ಹೆಸರೇ ಇಲ್ಲ, ಬರೀ ಸಂಖ್ಯೆ. ಗ್ರಾಹಕರ ಪಟ್ಟಿಯಲ್ಲಿ ಅಳಿಸಿದ ಮೇಲೆ ಆ ಸಂಖ್ಯೆ ಯಾರದ್ದೂ ಅಲ್ಲ.’ ಕೇಳಲು ಸರಿಯೆನಿಸುತ್ತದೆ. ಆದರೆ ಖರೀದಿ ನಡೆದಾಗಲೆಲ್ಲ ಅನಲಿಟಿಕ್ಸ್‌ಗೆ transaction_id ಹೋಗಿದೆ. ಅದು ಮಳಿಗೆಯ ಆರ್ಡರ್ ಸಂಖ್ಯೆ. ಲೆಕ್ಕಪತ್ರಕ್ಕೆಂದು ಉಳಿಸಿಕೊಂಡ ಬಿಲ್‌ನಲ್ಲಿ ಅದೇ ಸಂಖ್ಯೆಯ ಪಕ್ಕ ಹೆಸರೂ ವಿಳಾಸವೂ ಇವೆ. ಎರಡನ್ನೂ ಜೋಡಿಸಿದರೆ ಆ ವ್ಯಕ್ತಿ ಯಾವ ದಿನ ಯಾವ ಪುಟ ನೋಡಿದರು ಎಂಬುದೆಲ್ಲ ಮತ್ತೆ ಎದುರಿಗೆ ಬರುತ್ತದೆ. ಹೀಗೆ ಮರಳಿ ಜೋಡಿಸಬಹುದಾದ ಮಾಹಿತಿ ವೈಯಕ್ತಿಕ ಮಾಹಿತಿಯೇ ಎಂದು ಯುರೋಪಿನ ಮಾಹಿತಿ ರಕ್ಷಣಾ ಕಾನೂನಾದ ಜಿಡಿಪಿಆರ್ ಸ್ಪಷ್ಟವಾಗಿ ಹೇಳುತ್ತದೆ. ಆ ವಾದ ಅಲ್ಲಿಗೆ ಮುಗಿಯಿತು.

ಸರಿಯಾದ ಕ್ರಮ ಕಷ್ಟದ್ದೇನಲ್ಲ. ಮೊದಲು ಗುರುತುಗಳನ್ನೆಲ್ಲ ಒಂದೆಡೆ ಬರೆದುಕೊಳ್ಳಬೇಕು: ಇಮೇಲ್, user_id ಎಂಬ ಆ ಒಳಗಿನ ಸಂಖ್ಯೆ, ಮತ್ತು ಆ user_id ಯಾವ ಯಾವ ಬ್ರೌಸರ್‌ಗಳಲ್ಲಿ ಕಾಣಿಸಿಕೊಂಡಿತ್ತೋ ಅವುಗಳ ಕುಕಿಯ ಗುರುತುಗಳು, ಅಂದರೆ user_pseudo_id. ಕೊನೆಯದನ್ನು ಬರೆದುಕೊಳ್ಳದಿದ್ದರೆ ಲಾಗಿನ್ ಆಗುವ ಮೊದಲು ಅವರು ಓಡಾಡಿದ ಪುಟಗಳು ಹಾಗೆಯೇ ಉಳಿಯುತ್ತವೆ, ಏಕೆಂದರೆ ಆ ಸಾಲುಗಳಲ್ಲಿ user_id ಖಾಲಿ. (ಒಂದೇ ಕಂಪ್ಯೂಟರನ್ನು ಇಬ್ಬರು ಬಳಸಿದ್ದರೆ ಇನ್ನೊಬ್ಬರ ಸಾಲುಗಳೂ ಹೋಗಬಹುದು. ಅದನ್ನು ನೋಡಿಯೇ ಅಳಿಸಬೇಕು.)

ನಂತರ ಅನಲಿಟಿಕ್ಸ್‌ಗೆ ಅಳಿಸುವ ಕೋರಿಕೆ ಕೊಡಬೇಕು. ಬಳಕೆದಾರರ ವರದಿಯಿಂದ ಆ ವ್ಯಕ್ತಿ 72 ಗಂಟೆಗಳೊಳಗೆ ಮರೆಯಾಗುತ್ತಾರೆ. ಸರ್ವರ್‌ನಿಂದ ನಿಜವಾಗಿ ಅಳಿಯುವುದು ಸುಮಾರು ಎರಡು ತಿಂಗಳಿಗೊಮ್ಮೆ ನಡೆಯುವ ಶುದ್ಧೀಕರಣದಲ್ಲಿ. ಗೂಗಲ್‌ನ ಮಾಹಿತಿ ಉಗ್ರಾಣವಾದ ಬಿಗ್‌ಕ್ವೆರಿಗೆ ರಫ್ತಾದ ಪ್ರತಿಯನ್ನು ಈ ಕೋರಿಕೆ ಮುಟ್ಟುವುದೇ ಇಲ್ಲ! ಅಲ್ಲಿ ದಿನಕ್ಕೊಂದು ಟೇಬಲ್ ಇರುತ್ತದೆ, ಎಲ್ಲವನ್ನೂ ಒಂದೇ ಆದೇಶದಲ್ಲಿ ಅಳಿಸಲು ಬರುವುದಿಲ್ಲ, ಒಂದೊಂದಕ್ಕೂ ಬೇರೆ ಬೇರೆಯಾಗಿ ಓಡಿಸಬೇಕು:

```sql
DELETE FROM `analytics_123456.events_20250114`
WHERE user_id = '48213'
   OR user_pseudo_id IN ('1234567890.1700000000');
```

ಬಳಿಕ ಜಾಹೀರಾತು ಪಟ್ಟಿ, ಇಮೇಲ್ ಸಾಧನ. ಗ್ರಾಹಕರ ಪಟ್ಟಿಯ ಸಾಲು ಎಲ್ಲಕ್ಕಿಂತ ಕೊನೆಗೆ.

ಇನ್ನು ಆ ರಿಯಾಯಿತಿಯ ಇಮೇಲ್. ಇಮೇಲ್ ಸಾಧನದಿಂದ ಅವರ ಹೆಸರನ್ನು ಪೂರ್ತಿ ಅಳಿಸಿದ್ದು ನಿಜ. ಆದರೆ ಹಳೆಯ ಒಂದು ಕಡತವನ್ನು ಯಾರೋ ಮತ್ತೆ ಅಲ್ಲಿ ತುಂಬಿದರು. ಹೆಸರು ಹೊಸದರಂತೆ ಒಳಗೆ ಬಂತು, ಅವರು ಬೇಡವೆಂದದ್ದು ಅಲ್ಲಿ ಎಲ್ಲೂ ದಾಖಲಾಗಿರಲಿಲ್ಲ. ಇದಕ್ಕೇ ತಡೆಪಟ್ಟಿ ಬೇಕು. ಇಮೇಲ್‌ನ ಹ್ಯಾಶ್ ಒಂದನ್ನು ಮಾತ್ರ ಉಳಿಸಿಕೊಂಡು, ಪ್ರತಿ ಆಮದಿನಲ್ಲೂ ಅದರ ಜೊತೆ ತಾಳೆ ನೋಡಿ, ಸಿಕ್ಕ ಹೆಸರನ್ನು ಹೊರಗೆ ನಿಲ್ಲಿಸುವುದು. ಅಷ್ಟನ್ನೂ ಉಳಿಸಬಾರದು ಎನ್ನುವವರಿದ್ದಾರೆ. ಅವರ ಮಾತು ನಡೆದರೆ, ಬೇಡವೆಂದು ಬರೆದವರಿಗೇ ಮತ್ತೆ ಪತ್ರ ಹೋಗುತ್ತದೆ.

ಇಂಥ ಕೋರಿಕೆಗೆ ಉತ್ತರಿಸಲು ಜಿಡಿಪಿಆರ್ ಒಂದು ತಿಂಗಳು ಕೊಟ್ಟಿದೆ, ಕ್ಲಿಷ್ಟ ಪ್ರಕರಣಕ್ಕೆ ಇನ್ನೆರಡು. ಅಂದೇ ‘ಅಳಿಸಲಾಗಿದೆ’ ಎಂದು ಬರೆಯುವ ಅವಸರ ಯಾರಿಗಿತ್ತು? ಆ ಗ್ರಾಹಕರಿಗೆ ಹೊಸ ಉತ್ತರವನ್ನು ಈಗ ನಾನು ಬರೆದುಕೊಟ್ಟಿದ್ದೇನೆ: ಏನು ಅಳಿದಿದೆ, ಯಾವುದು ಇನ್ನೂ ಸರ್ವರ್‌ನಲ್ಲಿದ್ದು ಮುಂದಿನ ಸರದಿಯಲ್ಲಿ ಹೋಗುತ್ತದೆ, ಬಿಲ್ ಏಕೆ ಉಳಿಯುತ್ತದೆ, ತಡೆಪಟ್ಟಿಯಲ್ಲಿ ಏನಿದೆ. ಅವರ ಸಂಖ್ಯೆ ಆ ಬಿಲ್‌ನ ಆರ್ಡರ್ ಮೂಲಕವೇ ಸಿಕ್ಕಿತು.