ಗೌರವಾಧ್ಯಕ್ಷರ ಪಾಲಿಗೆ ಹದಿಮೂರು ಪಿಕ್ಸೆಲ್

ಬ್ರಹ್ಮಕಲಶೋತ್ಸವದ ಆಮಂತ್ರಣ ನಿಮ್ಮ ಗ್ರೂಪಿಗೂ ಬಂದಿರಬೇಕು. ಹಳದಿ ಹಿನ್ನೆಲೆ, ಕೆಂಪು ಅಕ್ಷರ, ಮೇಲೆ ದೇವರು, ಕೆಳಗೆ ಅರ್ಧ ಉಡುಪಿ ಜಿಲ್ಲೆ. ನಮ್ಮಲ್ಲಿ ಬರೀ ಅಧ್ಯಕ್ಷರಿದ್ದರೆ ಸಾಲದು ಮಾರಾಯ್ರೆ. ಗೌರವಾಧ್ಯಕ್ಷರು, ಕಾರ್ಯಾಧ್ಯಕ್ಷರು, ಸಂಚಾಲಕರು, ಸಹ ಸಂಚಾಲಕರು, ಮೇಲೆ ಮುಂಬೈ ಸಮಿತಿ. ಒಂದು ಹೆಸರು ಬಿಟ್ಟರೆ ದೇವರು ಕ್ಷಮಿಸಬಹುದು, ಅವರ ಮನೆಯವರು ಕ್ಷಮಿಸುವುದಿಲ್ಲ.

ಇಷ್ಟು ಜನರನ್ನು ಒಂದೇ ಚಿತ್ರದಲ್ಲಿ ಕೂರಿಸಿದ ಡಿಸೈನರಿಗೆ ಸನ್ಮಾನ ಆಗಲೇಬೇಕು. ಪ್ರೆಸ್ಸಿಗೆ ಕೊಟ್ಟ ಎ3 ಫೈಲನ್ನೇ ಅವರು ವಾಟ್ಸ್ಆ್ಯಪಿಗೂ ಹಾಕಿದರು. ಅದರ ಎತ್ತರ 4961 ಪಿಕ್ಸೆಲ್. ಮಾಮೂಲಿಯಾಗಿ ಕಳಿಸಿದರೆ ವಾಟ್ಸ್ಆ್ಯಪ್ ಉದ್ದದ ಬದಿಯನ್ನು ಸುಮಾರು 1600ಕ್ಕೆ ಇಳಿಸುತ್ತದೆ. ಪ್ರೆಸ್ಸಿನಲ್ಲಿ 42 ಪಿಕ್ಸೆಲ್ ಇದ್ದ ಗೌರವಾಧ್ಯಕ್ಷರು ಇಲ್ಲಿ ಹದಿಮೂರಕ್ಕೆ ಕುಗ್ಗುತ್ತಾರೆ. ಅದರಲ್ಲಿ ಒತ್ತಕ್ಷರಕ್ಕೆ ಸಿಗುವುದು ನಾಲ್ಕೋ ಐದೋ.

ಸಾಲದ್ದಕ್ಕೆ ಕೆಂಪು. ಜೆಪೆಗ್ ಬೆಳಕು-ಕತ್ತಲನ್ನು ಪೂರ್ತಿ ಅಳತೆಯಲ್ಲೇ ಇಟ್ಟುಕೊಂಡು ಬಣ್ಣವನ್ನು ಸಾಮಾನ್ಯವಾಗಿ ಅಡ್ಡಕ್ಕೂ ಉದ್ದಕ್ಕೂ ಅರ್ಧಕ್ಕಿಳಿಸುತ್ತದೆ. ಬಿಳಿಯ ಮೇಲಿನ ಕಪ್ಪು ಬಚಾವಾಗುತ್ತದೆ. ಹಳದಿಯ ಮೇಲಿನ ಕೆಂಪು ಅಂಚಿನಲ್ಲಿ ಕದಡುತ್ತದೆ. ಅದನ್ನು ಯಾರೋ ಸ್ಕ್ರೀನ್‌ಶಾಟ್ ತೆಗೆದು ಇನ್ನೊಂದು ಗ್ರೂಪಿಗೆ ಹಾಕಿದರೆ ಮತ್ತೊಂದು ಸುತ್ತು ಹಿಂಡಿದ ಹಾಗೆ. ಫಾರ್ವರ್ಡ್ ಒತ್ತಿದ್ದರೆ ಅದೇ ಫೈಲು ಹೋಗುತ್ತಿತ್ತು, ಆದರೆ ಫಾರ್ವರ್ಡ್ ಅಂತ ಮೇಲೆ ಬರೆದು ಬಂದರೆ ಮರ್ಯಾದೆಗೆ ಕಮ್ಮಿಯಲ್ಲವೇ.

ನಗು ಸಾಕು. ಪಕ್ಕದ ಮನೆಯ ಅಮ್ಮ ಫೋನು ಹಿಡಿದು ಬಂದು "ರಂಗಪೂಜೆ ಎಷ್ಟೊತ್ತಿಗೆ?" ಎಂದು ಕೇಳಿದರು. ದೊಡ್ಡದು ಮಾಡಿ ನೋಡಿದೆ. ೬ ಇರಬಹುದು, ೭ ಇರಬಹುದು, ಸುತ್ತ ಬರೀ ಕೊಳಕು ಚುಕ್ಕೆ. ಇನ್ನೂರು ಹೆಸರಿಗೆ ಜಾಗ ಮಾಡಿದವರಿಗೆ ಒಂದು ಹೊತ್ತನ್ನು ಓದುವ ಹಾಗೆ ಬರೆಯಲಾಗಲಿಲ್ಲ. ಕರೆದದ್ದು ಯಾರನ್ನು?

ಮಾಡಬೇಕಾದ್ದು ಒಂದು ಗಂಟೆಯ ಕೆಲಸವೂ ಅಲ್ಲ. ಫೋನಿಗೆಂದೇ 1200ಕ್ಕೆ 1600 ಪಿಕ್ಸೆಲ್‌ನ ಬೇರೆ ಚಿತ್ರ ಮಾಡಿ. ಕುಗ್ಗಿಸಲು ಏನೂ ಉಳಿದಿರುವುದಿಲ್ಲ. ದಿನ, ಹೊತ್ತು, ಜಾಗ ಮಾತ್ರ ಬರೆಯಿರಿ, ಅತಿ ಸಣ್ಣ ಅಕ್ಷರವೂ ನಲವತ್ತು ಪಿಕ್ಸೆಲ್‌ಗಿಂತ ಕಡಿಮೆ ಬೇಡ. ತಿಳಿ ಹಿನ್ನೆಲೆಗೆ ಕಪ್ಪೋ ಕಡು ಕಂದೋ. ದೇವರ ಫೋಟೊವನ್ನು ಮೊದಲು ಆ ಅಳತೆಗೆ ಇಳಿಸಿ, ಆಮೇಲೆ ಸ್ವಲ್ಪ ಶಾರ್ಪ್ ಮಾಡಿ. ಅತಿಯಾದರೆ ಅಂಚಿನ ಸುತ್ತ ಬಿಳಿಗೆರೆ ಏಳುತ್ತದೆ, ಹಿಂಡುವಾಗ ಅದೇ ಚುಕ್ಕೆಯಾಗುತ್ತದೆ. ಕಳಿಸುವ ಮುಂಚೆ ಮನೆಯ ಇನ್ನೊಂದು ಫೋನಿಗೆ ಹಾಕಿ ಒತ್ತಕ್ಷರ ಓದಿ ನೋಡಿ. ಹೆಸರಿನ ಪಟ್ಟಿ ಪಿಡಿಎಫ್ ಆಗಿ ಡಾಕ್ಯುಮೆಂಟಿನಲ್ಲಿ ಹೋಗಲಿ. ಅದನ್ನು ವಾಟ್ಸ್ಆ್ಯಪ್ ಮುಟ್ಟುವುದಿಲ್ಲ.

ಇದನ್ನೇ ಸಮಿತಿಯವರಿಗೆ ಹೇಳಿದೆ. ಪಿಡಿಎಫ್ ಬಂತು. ಹತ್ತು ನಿಮಿಷದಲ್ಲಿ ಸಹ ಸಂಚಾಲಕರೊಬ್ಬರು ಅದನ್ನು ತೆರೆದು, ತಮ್ಮ ಹೆಸರಿರುವ ಪುಟದ ಸ್ಕ್ರೀನ್‌ಶಾಟ್ ಹೊಡೆದು, ಹೆಸರಿಗೆ ಕೆಂಪು ಸುತ್ತು ಹಾಕಿ ಸ್ಟೇಟಸ್ಸಿಗೆ ಏರಿಸಿದರು.